ವರ್ಷದ ಚಂದಾ ಹಣ ಯಾವ ತಿಂಗಳ ಆದಾಯ? ಸಣ್ಣ ಕಂಪನಿಯ ಲೆಕ್ಕಪುಸ್ತಕದಲ್ಲಿ ನಗದು ಪದ್ಧತಿ ಮತ್ತು ಅಕ್ರೂವಲ್ ಪದ್ಧತಿ

ಹನ್ನೆರಡು ತಿಂಗಳ ಸೇವೆಗೆ ಗ್ರಾಹಕರು ಮೊದಲ ದಿನವೇ ಪೂರ್ತಿ ಹಣ ಕೊಟ್ಟಾಗ, ಅದನ್ನು ಯಾವ ತಿಂಗಳ ಆದಾಯವೆಂದು ಬರೆಯಬೇಕು ಎಂಬ ಪ್ರಶ್ನೆಗೆ ಲೆಕ್ಕಶಾಸ್ತ್ರದಲ್ಲಿ ಎರಡು ಉತ್ತರಗಳಿವೆ. ನಗದು ಪದ್ಧತಿಯಲ್ಲಿ ಹಣ ಕೈಸೇರಿದ ದಿನವೇ ಅದೆಲ್ಲವೂ ಆದಾಯ. ಅಕ್ರೂವಲ್ ಪದ್ಧತಿಯಲ್ಲಿ (ತೆರಿಗೆ ಸಲಹೆಗಾರರು ಇದನ್ನೇ ಮರ್ಕಂಟೈಲ್ ಪದ್ಧತಿ ಎನ್ನುತ್ತಾರೆ) ಸೇವೆ ಸಲ್ಲಿಸಿದಷ್ಟು ಭಾಗ ಮಾತ್ರ ಆದಾಯ, ಉಳಿದದ್ದು ಗ್ರಾಹಕರಿಗೆ ನಾವು ಇನ್ನೂ ತೀರಿಸಬೇಕಾದ ಬಾಕಿ. ಚಿಲ್ಲರೆ ಅಂಗಡಿಯಂತಹ ವ್ಯಾಪಾರದಲ್ಲಿ ಈ ಎರಡರ ನಡುವಿನ ಅಂತರ ಚಿಕ್ಕದು. ವಾರ್ಷಿಕ ಚಂದಾ ಮಾರುವ ಕಂಪನಿಯಲ್ಲಿ ಮಾತ್ರ ಒಂದು ಪದ್ಧತಿ ಲಾಭ ತೋರಿಸುವ ವರ್ಷದಲ್ಲಿ ಇನ್ನೊಂದು ನಷ್ಟ ತೋರಿಸುವಷ್ಟು ಅಂತರ ಬೆಳೆಯಬಹುದು. ಅದು ಹೇಗೆ ಬೆಳೆಯುತ್ತದೆ, ಪುಸ್ತಕದಲ್ಲಿ ಅದನ್ನು ಹೇಗೆ ಬರೆಯಬೇಕು ಎಂಬುದನ್ನು ಒಂದೇ ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ನೋಡೋಣ.

ಉದಾಹರಣೆಯ ಕಂಪನಿ

ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದು ಇಟ್ಟುಕೊಳ್ಳೋಣ. ಶಾಲೆಗಳ ಶುಲ್ಕ ವಸೂಲಿಯ ಲೆಕ್ಕವಿಡುವ ಒಂದು ತಂತ್ರಾಂಶವನ್ನು ಅದು ವಾರ್ಷಿಕ ಚಂದಾದ ಮೇಲೆ ಕೊಡುತ್ತದೆ. ಒಂದು ವರ್ಷದ ಚಂದಾ 12,000 ರೂಪಾಯಿ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ 2,160 ರೂಪಾಯಿ, ಒಟ್ಟು 14,160 ರೂಪಾಯಿ. ಸೇವೆ ಮಾರುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದಾಗಲೇ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುತ್ತದೆ. ನಮ್ಮ ಕಂಪನಿ ಸ್ವಇಚ್ಛೆಯಿಂದ ನೋಂದಾಯಿಸಿಕೊಂಡಿದೆ. ಗ್ರಾಹಕರೆಲ್ಲರೂ ಕರ್ನಾಟಕದವರೇ.

2025ರ ಏಪ್ರಿಲ್‌ನಲ್ಲಿ ಒಂದು ಲಕ್ಷ ರೂಪಾಯಿ ಬಂಡವಾಳದೊಂದಿಗೆ ಕೆಲಸ ಶುರುವಾಯಿತು. ಖರ್ಚು ತಿಂಗಳಿಗೆ 50,000 ರೂಪಾಯಿ, ಎಲ್ಲವೂ ಸಂಬಳ. ಮೊದಲ ಎರಡು ತಿಂಗಳು ಒಬ್ಬ ಗ್ರಾಹಕರೂ ಇರಲಿಲ್ಲ. ಶಾಲಾ ವರ್ಷ ಆರಂಭವಾಗುವ ಜೂನ್ 1ರಿಂದ 40 ಶಾಲೆಗಳು ಸೇರಿದವು. ದಸರಾ ರಜೆಯ ಹೊತ್ತಿಗೆ, ಅಕ್ಟೋಬರ್ 1ರಿಂದ, ಇನ್ನೂ 10 ಶಾಲೆಗಳು ಬಂದವು. 2026ರ ಮಾರ್ಚ್ 1ರಿಂದ 25 ಟ್ಯೂಷನ್ ಕೇಂದ್ರಗಳು ಸೇರಿಕೊಂಡವು. ಎಲ್ಲರೂ ಸೇರಿದ ದಿನವೇ ವರ್ಷದ ಪೂರ್ತಿ ಹಣ ಕಟ್ಟಿದರು. ಜಿಎಸ್‌ಟಿ ಬಿಟ್ಟು ನೋಡಿದರೆ ಜೂನ್‌ನಲ್ಲಿ 4,80,000, ಅಕ್ಟೋಬರ್‌ನಲ್ಲಿ 1,20,000, ಮಾರ್ಚ್‌ನಲ್ಲಿ 3,00,000 ರೂಪಾಯಿ ಬಂದಿದೆ.

ನಗದು ಪದ್ಧತಿಯಲ್ಲಿ ಲೆಕ್ಕ ಸರಳ. ವರ್ಷದಲ್ಲಿ ಬಂದದ್ದು 9,00,000, ಹೋದದ್ದು 6,00,000, ಲಾಭ 3,00,000 ರೂಪಾಯಿ. ಮಾಲೀಕರು ಈ ಅಂಕಿಯನ್ನು ನಂಬಿ ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹೊರಟರೆ ಅದು ಸಹಜವೇ. ಆದರೆ ಮಾರ್ಚ್ 31ರಂದು ಆ ಒಂಬತ್ತು ಲಕ್ಷದಲ್ಲಿ ಎಷ್ಟಕ್ಕೆ ಸೇವೆ ಸಂದಿದೆ ಎಂದು ಕೇಳಿದರೆ ಉತ್ತರ ಬೇರೆ. ಜೂನ್‌ನ ಶಾಲೆಗಳಿಗೆ ಹತ್ತು ತಿಂಗಳ ಸೇವೆ ಮುಗಿದಿದೆ, ಆದ್ದರಿಂದ 4,00,000 ಗಳಿಸಿದ್ದು, 80,000 ಬಾಕಿ. ಅಕ್ಟೋಬರ್‌ನ ಶಾಲೆಗಳಿಗೆ ಆರು ತಿಂಗಳು ಮುಗಿದಿದೆ, 60,000 ಗಳಿಸಿದ್ದು, 60,000 ಬಾಕಿ. ಮಾರ್ಚ್‌ನ ಟ್ಯೂಷನ್ ಕೇಂದ್ರಗಳಿಗೆ ಒಂದೇ ತಿಂಗಳು ಮುಗಿದಿದೆ, 25,000 ಗಳಿಸಿದ್ದು, 2,75,000 ಬಾಕಿ. ಹೀಗೆ ವರ್ಷದ ನಿಜವಾದ ಆದಾಯ 4,85,000 ರೂಪಾಯಿ, ಇನ್ನೂ ಸೇವೆ ಸಲ್ಲಿಸಬೇಕಾದ ಮೊತ್ತ 4,15,000 ರೂಪಾಯಿ. ಆರು ಲಕ್ಷದ ಖರ್ಚನ್ನು ಕಳೆದರೆ 1,15,000 ರೂಪಾಯಿ ನಷ್ಟ.

ಹಣವೂ ಅದೇ, ಗ್ರಾಹಕರೂ ಅವರೇ, ಆದರೂ ಒಂದು ಪುಸ್ತಕ ಮೂರು ಲಕ್ಷದ ಲಾಭವನ್ನೂ ಇನ್ನೊಂದು ಒಂದು ಲಕ್ಷಕ್ಕೂ ಮೀರಿದ ನಷ್ಟವನ್ನೂ ಹೇಳುತ್ತಿದೆ. ಇವೆರಡರ ನಡುವಿನ 4,15,000 ರೂಪಾಯಿಯ ವ್ಯತ್ಯಾಸವೆಂದರೆ ಮುಂಗಡವಾಗಿ ಬಂದ ಚಂದಾ. ಈ ಒಂದು ಅಂಕಿಯನ್ನು ಪ್ರತಿ ತಿಂಗಳೂ ಸರಿಯಾಗಿ ಹಿಡಿದಿಡುವುದೇ ಚಂದಾ ಕಂಪನಿಯ ಲೆಕ್ಕಿಗರ ಮುಖ್ಯ ಕೆಲಸ.

ಆಯ್ಕೆ ಯಾರಿಗಿದೆ, ಯಾರಿಗಿಲ್ಲ

2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಕಂಪನಿಯ ಲೆಕ್ಕಪುಸ್ತಕಗಳನ್ನು ಅಕ್ರೂವಲ್ ಪದ್ಧತಿಯಲ್ಲಿ, ಜೋಡಿ ನಮೂದಿನ ಕ್ರಮದಲ್ಲಿಯೇ ಇಡಬೇಕು. ಆದ್ದರಿಂದ ಪ್ರೈವೇಟ್ ಲಿಮಿಟೆಡ್ ಕಂಪನಿಗೆ, ಅದು ಎಷ್ಟೇ ಸಣ್ಣದಿರಲಿ, ನಗದು ಪದ್ಧತಿಯ ಆಯ್ಕೆಯೇ ಇಲ್ಲ. ಒಬ್ಬರೇ ಮಾಲೀಕರಿರುವ ವ್ಯವಹಾರಕ್ಕೂ ಸಾಮಾನ್ಯ ಪಾಲುದಾರಿಕೆ ಸಂಸ್ಥೆಗೂ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದಾಯ ತೆರಿಗೆಯ ದೃಷ್ಟಿಯಿಂದ ಅವು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಆದರೆ ಆರಿಸಿದ್ದನ್ನು ವರ್ಷದಿಂದ ವರ್ಷಕ್ಕೆ ತಪ್ಪದೆ ಅನುಸರಿಸಬೇಕು. ತೆರಿಗೆ ಕಡಿಮೆ ಬೀಳುವ ಪದ್ಧತಿಯನ್ನು ಆಯಾ ವರ್ಷ ನೋಡಿಕೊಂಡು ಬದಲಿಸುವಂತಿಲ್ಲ.

ನನ್ನ ಅಭಿಪ್ರಾಯದಲ್ಲಿ ವಾರ್ಷಿಕ ಚಂದಾ ಮಾರುವವರು ಕಾನೂನು ಬಿಟ್ಟುಕೊಟ್ಟರೂ ನಗದು ಪದ್ಧತಿಯೊಂದನ್ನೇ ನಂಬಬಾರದು. ಹಾಗೆಂದು ನಗದಿನ ನೋಟವನ್ನು ಕೈಬಿಡುವುದೂ ಸರಿಯಲ್ಲ, ಏಕೆಂದರೆ ಸಂಬಳ ಕೊಡುವುದು ಬ್ಯಾಂಕಿನಲ್ಲಿರುವ ಹಣದಿಂದ. ಪುಸ್ತಕ ಅಕ್ರೂವಲ್‌ನಲ್ಲಿರಲಿ, ಪಕ್ಕದಲ್ಲಿ ನಗದಿನ ಒಂದು ಹಾಳೆ ಇರಲಿ.

ಮೊದಲ ಹೆಜ್ಜೆ: ಎರಡು ಖಾತೆಗಳು, ಎರಡು ನಮೂದುಗಳು

ಲೆಕ್ಕದ ತಂತ್ರಾಂಶ ಯಾವುದೇ ಇರಲಿ, ಎರಡು ಲೆಡ್ಜರ್‌ಗಳನ್ನು ತೆರೆಯಿರಿ. ಒಂದು ‘ಚಂದಾ ಆದಾಯ’, ಇದು ಲಾಭ ನಷ್ಟ ಖಾತೆಗೆ ಹೋಗುತ್ತದೆ. ಇನ್ನೊಂದು ‘ಮುಂಗಡ ಚಂದಾ’, ಇದು ಬ್ಯಾಲೆನ್ಸ್ ಶೀಟ್‌ನಲ್ಲಿ ಹೊಣೆಗಾರಿಕೆಗಳ ಕಡೆ, ಚಾಲ್ತಿ ಹೊಣೆಗಾರಿಕೆಗಳ ಗುಂಪಿನಲ್ಲಿ ಕೂರಬೇಕು. ಎರಡು ಮೂರು ವರ್ಷದ ಚಂದಾವನ್ನು ಒಟ್ಟಿಗೆ ಮಾರುವವರು ಮುಂದಿನ ಹನ್ನೆರಡು ತಿಂಗಳಿಗೆ ಮೀರಿದ ಭಾಗವನ್ನು ವರ್ಷದ ಕೊನೆಗೆ ದೀರ್ಘಾವಧಿ ಹೊಣೆಗಾರಿಕೆಯ ಗುಂಪಿನಲ್ಲಿ ಬೇರೆಯಾಗಿ ತೋರಿಸಬೇಕು.

ಒಂದು ಶಾಲೆ 2025ರ ಜೂನ್ 1ರಂದು ಹಣ ಕಟ್ಟಿದಾಗ ಬರೆಯಬೇಕಾದ ನಮೂದು ಹೀಗಿರುತ್ತದೆ:

```
ಬ್ಯಾಂಕ್ ಖಾತೆ          ಡೆಬಿಟ್    14,160
  ಮುಂಗಡ ಚಂದಾ         ಕ್ರೆಡಿಟ್    12,000
  ಸಿಜಿಎಸ್‌ಟಿ           ಕ್ರೆಡಿಟ್     1,080
  ಎಸ್‌ಜಿಎಸ್‌ಟಿ          ಕ್ರೆಡಿಟ್     1,080
```

ಇಲ್ಲಿ ‘ಚಂದಾ ಆದಾಯ’ ಖಾತೆ ಕಾಣಿಸಿಕೊಂಡೇ ಇಲ್ಲ ಎಂಬುದನ್ನು ಗಮನಿಸಬೇಕು. ಅದು ಬರುವುದು ಜೂನ್ ತಿಂಗಳ ಕೊನೆಯ ದಿನ, ಒಂದು ತಿಂಗಳ ಸೇವೆ ಮುಗಿದಾಗ, ಒಂದು ಜರ್ನಲ್ ವೋಚರ್ ಮೂಲಕ:

```
ಮುಂಗಡ ಚಂದಾ           ಡೆಬಿಟ್     1,000
  ಚಂದಾ ಆದಾಯ          ಕ್ರೆಡಿಟ್     1,000
```

ಇದೇ ಎರಡನೆಯ ನಮೂದು ಹನ್ನೆರಡು ತಿಂಗಳು ನಡೆದು, 2026ರ ಮೇ 31ರಂದು ಆ ಶಾಲೆಯ ಮುಂಗಡ ಸೊನ್ನೆಗೆ ಇಳಿಯುತ್ತದೆ. ಪ್ರತಿ ಗ್ರಾಹಕರಿಗೂ ಬೇರೆ ಬೇರೆ ವೋಚರ್ ಬರೆಯುವ ಅಗತ್ಯವಿಲ್ಲ. ಎಲ್ಲರ ಮೊತ್ತವನ್ನೂ ಒಂದು ಪಟ್ಟಿಯಲ್ಲಿ ಕೂಡಿಸಿ ತಿಂಗಳಿಗೆ ಒಂದೇ ವೋಚರ್ ಹಾಕಿದರೆ ಸಾಕು. ನಮ್ಮ ಕಂಪನಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು 40,000, ಅಕ್ಟೋಬರ್‌ನಿಂದ ಫೆಬ್ರವರಿವರೆಗೆ 50,000, ಮಾರ್ಚ್‌ನಲ್ಲಿ 75,000 ರೂಪಾಯಿಯ ವೋಚರ್ ಆಗುತ್ತದೆ.

ಸೇರುವಾಗ ತರಬೇತಿಗೋ ಹಳೆಯ ದಾಖಲೆಗಳನ್ನು ತುಂಬಿಕೊಡುವುದಕ್ಕೋ ಬೇರೆ ಶುಲ್ಕ ಪಡೆದಿದ್ದರೆ ಅದನ್ನು ಚಂದಾದ ಜೊತೆ ಬೆರೆಸಬೇಡಿ. ಆ ಕೆಲಸ ಪೂರ್ಣಗೊಂಡು ಗ್ರಾಹಕರು ಒಪ್ಪಿಕೊಂಡಾಗ ಅದು ಅಷ್ಟೂ ಆದಾಯ.

ಎರಡನೆಯ ಹೆಜ್ಜೆ: ಚಂದಾ ಪಟ್ಟಿ

ವೋಚರ್‌ನ ಮೊತ್ತ ಎಲ್ಲಿಂದ ಬಂತು ಎಂಬುದಕ್ಕೆ ಆಧಾರ ಒಂದು ಸ್ಪ್ರೆಡ್‌ಶೀಟ್. A ಕಾಲಂನಲ್ಲಿ ಗ್ರಾಹಕರ ಹೆಸರು, B ಯಲ್ಲಿ ಸೇವೆ ಶುರುವಾಗುವ ದಿನ, C ಯಲ್ಲಿ ಸೇವೆ ಮುಗಿಯುವ ದಿನ, D ಯಲ್ಲಿ ಜಿಎಸ್‌ಟಿ ಬಿಟ್ಟ ಮೊತ್ತ. H1 ಕೋಶದಲ್ಲಿ ಲೆಕ್ಕ ಮುಗಿಸುವ ದಿನಾಂಕ, ಉದಾಹರಣೆಗೆ 2026ರ ಮಾರ್ಚ್ 31. ಆಗ E ಕಾಲಂನಲ್ಲಿ ಅಂದಿನವರೆಗೆ ಗಳಿಸಿದ ಆದಾಯವನ್ನು ಈ ಸೂತ್ರ ಕೊಡುತ್ತದೆ:

```
=D2*MAX(0, MIN($H$1,C2)-B2+1)/(C2-B2+1)
```

ಸೇವೆ ಇನ್ನೂ ಶುರುವಾಗಿರದಿದ್ದರೆ ಇದು ಸೊನ್ನೆಯನ್ನೂ ಪೂರ್ತಿ ಮುಗಿದಿದ್ದರೆ ಪೂರ್ಣ ಮೊತ್ತವನ್ನೂ ತೋರಿಸುತ್ತದೆ. D ಯಿಂದ E ಯನ್ನು ಕಳೆದರೆ ಉಳಿಯುವುದು ಮುಂಗಡ. ಈ ತಿಂಗಳ ವೋಚರ್‌ಗೆ ಬೇಕಾದ ಮೊತ್ತವೆಂದರೆ E ಕಾಲಂನ ಈ ತಿಂಗಳ ಒಟ್ಟಿನಿಂದ ಕಳೆದ ತಿಂಗಳ ಒಟ್ಟನ್ನು ಕಳೆದದ್ದು.

ಸೂತ್ರ ದಿನಗಳನ್ನು ಎಣಿಸುವುದರಿಂದ, ಮೇಲೆ ತಿಂಗಳ ಲೆಕ್ಕದಲ್ಲಿ ಕಂಡ ಅಂಕಿಗೂ ಇದಕ್ಕೂ ಅಲ್ಪ ವ್ಯತ್ಯಾಸವಿರುತ್ತದೆ. ಜೂನ್‌ನ ಶಾಲೆಗಳ 4,80,000 ರೂಪಾಯಿಯಲ್ಲಿ 365 ದಿನಗಳ ಪೈಕಿ 304 ದಿನ ಮುಗಿದಿದ್ದು, ಗಳಿಸಿದ್ದು 4,00,000 ಬದಲು 3,99,781 ಎಂದು ಬರುತ್ತದೆ. ಗ್ರಾಹಕರು ತಿಂಗಳ ನಡುವೆ ಸೇರುತ್ತಾರಾದರೆ ದಿನದ ಲೆಕ್ಕ ಹೆಚ್ಚು ನ್ಯಾಯವಾದದ್ದು; ಎಲ್ಲರೂ ಒಂದನೇ ತಾರೀಖಿನಿಂದಲೇ ಶುರುವಾಗುವುದಾದರೆ ತಿಂಗಳ ಲೆಕ್ಕ ಸಾಕು. ಯಾವುದನ್ನು ಆರಿಸಿದರೂ ನಡುವೆ ಬದಲಿಸಬೇಡಿ.

ಹೀಗೆ ಅವಧಿಯುದ್ದಕ್ಕೂ ಸಮನಾಗಿ ಹಂಚುವುದಕ್ಕೆ ಆಧಾರವೂ ಇದೆ. ನಿಯತಕಾಲಿಕಗಳ ಚಂದಾ ಹಣವನ್ನು ಮುಂದಕ್ಕೆ ಹಾಕಿ ಅವಧಿಯ ಮೇಲೆ ಸಮನಾಗಿ ಆದಾಯವೆಂದು ತೋರಿಸಬೇಕೆಂದು, ಸಂಚಿಕೆಗಳ ಬೆಲೆಯಲ್ಲಿ ಏರುಪೇರಿದ್ದರೆ ಆಯಾ ಸಂಚಿಕೆಯ ಬೆಲೆಯ ಪ್ರಮಾಣದಲ್ಲಿ ತೋರಿಸಬೇಕೆಂದು ಭಾರತದ 9ನೇ ಲೆಕ್ಕಪತ್ರ ಮಾನದಂಡದ ಅನುಬಂಧ ಹೇಳುತ್ತದೆ. ಪ್ರತಿದಿನ ಲಭ್ಯವಿರುವ ತಂತ್ರಾಂಶ ಸೇವೆಗೆ ಸಮನಾದ ಹಂಚಿಕೆಯೇ ಹೊಂದುತ್ತದೆ.

ಮೂರನೆಯ ಹೆಜ್ಜೆ: ಜಿಎಸ್‌ಟಿಯನ್ನು ಈ ಹಂಚಿಕೆಯಿಂದ ಹೊರಗಿಡುವುದು

ಹೆಚ್ಚು ಗೊಂದಲವಾಗುವುದು ಇಲ್ಲಿ. ಆದಾಯವನ್ನು ಹನ್ನೆರಡು ತಿಂಗಳಿಗೆ ಹಂಚಿದ ಮಾತ್ರಕ್ಕೆ ಜಿಎಸ್‌ಟಿಯನ್ನೂ ಹನ್ನೆರಡು ಕಂತುಗಳಲ್ಲಿ ಕಟ್ಟಬಹುದೆಂದು ಕೆಲವರು ಭಾವಿಸುತ್ತಾರೆ. ಅದು ತಪ್ಪು. ಸೇವೆಗಳ ವಿಷಯದಲ್ಲಿ ಇನ್ವಾಯ್ಸ್ ಸಕಾಲದಲ್ಲಿ ಕೊಟ್ಟಿದ್ದರೆ ಅದರ ದಿನ ಅಥವಾ ಹಣ ಬಂದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಂದೇ ತೆರಿಗೆಯ ಹೊಣೆ ಹುಟ್ಟುತ್ತದೆ. ಸರಕು ಮಾರುವವರಿಗೆ ಮುಂಗಡದ ಮೇಲೆ ಸಿಕ್ಕಿರುವ ವಿನಾಯಿತಿ ಸೇವೆಗಳಿಗಿಲ್ಲ. ಆದ್ದರಿಂದ ಮಾರ್ಚ್‌ನಲ್ಲಿ ಸೇರಿದ 25 ಟ್ಯೂಷನ್ ಕೇಂದ್ರಗಳ 54,000 ರೂಪಾಯಿ ಜಿಎಸ್‌ಟಿಯನ್ನು, ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಕಂಪನಿ ಏಪ್ರಿಲ್ 20ರೊಳಗೆ ಪೂರ್ತಿ ಕಟ್ಟಬೇಕು. ಹನ್ನೊಂದು ತಿಂಗಳ ಸೇವೆ ಬಾಕಿಯಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇದರಿಂದ ಇನ್ನೊಂದು ಪರಿಣಾಮವಿದೆ. ಜಿಎಸ್‌ಟಿ ರಿಟರ್ನ್‌ಗಳಲ್ಲಿ ವರ್ಷದ ವಹಿವಾಟು 9,00,000, ಲಾಭ ನಷ್ಟ ಖಾತೆಯಲ್ಲಿ 4,85,000. ಈ ಅಂತರವನ್ನು ನೋಡಿ ಇಲಾಖೆಯವರು ಪ್ರಶ್ನೆ ಕೇಳಿದರೆ ಉತ್ತರ ಕೈಯಲ್ಲಿರಬೇಕು. ಆರಂಭದ ಮುಂಗಡ ಸೊನ್ನೆ, ವರ್ಷದಲ್ಲಿ ಸೇರಿದ್ದು 9,00,000, ಆದಾಯಕ್ಕೆ ಹೋದದ್ದು 4,85,000, ಕೊನೆಯ ಮುಂಗಡ 4,15,000 ಎಂಬ ನಾಲ್ಕು ಸಾಲುಗಳನ್ನು ಚಂದಾ ಪಟ್ಟಿಯೊಂದಿಗೆ ವರ್ಷದ ಕಡತದಲ್ಲಿ ಇಟ್ಟರೆ ಅದೇ ಉತ್ತರ.

ನಾಲ್ಕನೆಯ ಹೆಜ್ಜೆ: ತಿಂಗಳ ಕೊನೆಯ ತಾಳೆ

ಚಂದಾ ಪಟ್ಟಿಯಲ್ಲಿ ಉಳಿದಿರುವ ಮುಂಗಡದ ಒಟ್ಟು ಮೊತ್ತವೂ ‘ಮುಂಗಡ ಚಂದಾ’ ಲೆಡ್ಜರ್‌ನ ಬಾಕಿಯೂ ಒಂದೇ ಆಗಿರಬೇಕು. ಹೊಂದದಿದ್ದರೆ ಸಾಮಾನ್ಯವಾಗಿ ಕಾರಣ ಕೆಲವೇ. ಲೆಡ್ಜರ್ ಹೆಚ್ಚು ತೋರಿಸಿ, ವ್ಯತ್ಯಾಸ 2,160ರ ಗುಣಕವಾಗಿದ್ದರೆ ಯಾರೋ ಜಿಎಸ್‌ಟಿ ಸೇರಿಸಿದ ಮೊತ್ತವನ್ನೇ ಮುಂಗಡಕ್ಕೆ ಹಾಕಿದ್ದಾರೆ. ಲೆಡ್ಜರ್ 12,000ದಷ್ಟು ಕಡಿಮೆಯಿದ್ದರೆ ಒಂದು ರಸೀದಿ ನೇರವಾಗಿ ಆದಾಯಕ್ಕೆ ಹೋಗಿದೆ. ಆ ತಿಂಗಳ ಆದಾಯ ಅಕ್ಕಪಕ್ಕದ ತಿಂಗಳುಗಳಿಗಿಂತ ಎದ್ದು ಕಾಣುವುದೇ ಅದರ ಗುರುತು. ಕೆಲವು ನೂರು ರೂಪಾಯಿಗಳ ಕೊರತೆಯಿದ್ದರೆ ಪೇಮೆಂಟ್ ಗೇಟ್‌ವೇ ಶುಲ್ಕವನ್ನು ಅನುಮಾನಿಸಿ: ಗ್ರಾಹಕರು 14,160 ಕಟ್ಟಿ, ಗೇಟ್‌ವೇ ತನ್ನ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಬ್ಯಾಂಕಿಗೆ ಹಾಕಿದಾಗ, ಬಂದಷ್ಟನ್ನೇ ಮಾರಾಟವೆಂದು ಬರೆದಿರುತ್ತಾರೆ. ಮಾರಾಟ ಯಾವಾಗಲೂ ಪೂರ್ಣ ಮೊತ್ತಕ್ಕೆ, ಹಿಡಿದುಕೊಂಡದ್ದು ಪ್ರತ್ಯೇಕ ಖರ್ಚು. ಗ್ರಾಹಕರು ಟಿಡಿಎಸ್ ಹಿಡಿದು ಕೊಟ್ಟಾಗಲೂ ಇದೇ ನಿಯಮ, ಆದರೆ ಅದು ಖರ್ಚಲ್ಲ, ಸರ್ಕಾರದಿಂದ ನಮಗೆ ಬರಬೇಕಾದದ್ದು.

ತಾಳೆಯನ್ನು ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ ಮಾಡಿದರೂ ಆಡಿಟ್‌ಗೆ ಸಾಕಾಗಬಹುದು. ವರ್ಷವಿಡೀ ಬಂದದ್ದನ್ನೆಲ್ಲ ಆದಾಯಕ್ಕೆ ಬರೆದು, ಮಾರ್ಚ್ 31ರಂದು 4,15,000 ರೂಪಾಯಿಯನ್ನು ಆದಾಯದಿಂದ ತೆಗೆದು ಮುಂಗಡಕ್ಕೆ ಹಾಕುವ ಒಂದೇ ಜರ್ನಲ್‌ನಿಂದ ಕೊನೆಯ ಅಂಕಿ ಸರಿಯಾಗಿಯೇ ಬರುತ್ತದೆ. ಆದರೆ ಆಗ ನಡುವಿನ ಹನ್ನೊಂದು ತಿಂಗಳೂ ಮಾಲೀಕರು ನೋಡುತ್ತಿದ್ದ ಲಾಭ ಸುಳ್ಳಾಗಿರುತ್ತದೆ, ನಿರ್ಧಾರಗಳೆಲ್ಲ ಆ ಹನ್ನೊಂದು ತಿಂಗಳಲ್ಲೇ ಆಗಿಹೋಗಿರುತ್ತವೆ.

ರದ್ದತಿ, ಹಣ ಬಾರದ ಇನ್ವಾಯ್ಸ್

ಜೂನ್‌ನಲ್ಲಿ ಸೇರಿದ ಒಂದು ಶಾಲೆ ಸೆಪ್ಟೆಂಬರ್ 30ಕ್ಕೆ ಸೇವೆ ಬೇಡವೆಂದಿತು, ಕಂಪನಿ ಉಳಿದ ಎಂಟು ತಿಂಗಳ ಹಣ ಹಿಂದಿರುಗಿಸಲು ಒಪ್ಪಿತು ಎನ್ನೋಣ. ಮುಂಗಡ ಚಂದಾವನ್ನು 8,000ಕ್ಕೆ, ಎರಡೂ ಜಿಎಸ್‌ಟಿ ಖಾತೆಗಳನ್ನು ತಲಾ 720ಕ್ಕೆ ಡೆಬಿಟ್ ಮಾಡಿ ಬ್ಯಾಂಕನ್ನು 9,440ಕ್ಕೆ ಕ್ರೆಡಿಟ್ ಮಾಡಬೇಕು, ಮತ್ತು ಶಾಲೆಗೆ ಕ್ರೆಡಿಟ್ ನೋಟ್ ಕೊಡಬೇಕು. ಈಗಾಗಲೇ ಗಳಿಸಿದ 4,000 ಹಾಗೆಯೇ ಉಳಿಯುತ್ತದೆ. ಪಟ್ಟಿಯಲ್ಲಿ ಆ ಶಾಲೆಯ ಮೊತ್ತವನ್ನು 4,000ಕ್ಕೂ ಕೊನೆಯ ದಿನವನ್ನು ಸೆಪ್ಟೆಂಬರ್ 30ಕ್ಕೂ ತಿದ್ದಿ. ಶಾಲೆ ಏನನ್ನೂ ಹೇಳದೆ ತಂತ್ರಾಂಶ ಬಳಸುವುದನ್ನಷ್ಟೇ ನಿಲ್ಲಿಸಿದರೆ ಲೆಕ್ಕ ಬದಲಾಗುವುದಿಲ್ಲ. ಸೇವೆ ಲಭ್ಯವಾಗಿಡುವ ಹೊಣೆ ಮೇ 31ರವರೆಗೆ ಇದ್ದೇ ಇದೆ.

ನವೀಕರಣದ ಇನ್ವಾಯ್ಸ್‌ಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಏಪ್ರಿಲ್ 1ರಿಂದ ಶುರುವಾಗುವ ಚಂದಾಕ್ಕೆ ಮಾರ್ಚ್ 20ರಂದೇ ತೆರಿಗೆ ಇನ್ವಾಯ್ಸ್ ಕಳಿಸಿದರೆ, ಹಣವೂ ಬಂದಿಲ್ಲ, ಸೇವೆಯೂ ಶುರುವಾಗಿಲ್ಲ, ಆದರೂ ಗ್ರಾಹಕರಿಂದ ಬರಬೇಕಾದದ್ದು ಮತ್ತು ಮುಂಗಡ ಚಂದಾ ಎರಡೂ ಬ್ಯಾಲೆನ್ಸ್ ಶೀಟ್‌ನಲ್ಲಿ ಉಬ್ಬಿಕೊಳ್ಳುತ್ತವೆ. ಜೊತೆಗೆ ಜಿಎಸ್‌ಟಿಯನ್ನು ಏಪ್ರಿಲ್‌ನಲ್ಲಿ ಕೈಯಿಂದ ಕಟ್ಟಬೇಕಾಗುತ್ತದೆ. ನವೀಕರಿಸುತ್ತಾರೋ ಇಲ್ಲವೋ ಖಚಿತವಿಲ್ಲದ ಗ್ರಾಹಕರಿಗೆ ಮೊದಲು ಪ್ರೊಫಾರ್ಮಾ ಕಳಿಸಿ, ಅವರು ಒಪ್ಪಿದ ಮೇಲೆ ಅಥವಾ ಹಣ ಬಂದ ಮೇಲೆ ತೆರಿಗೆ ಇನ್ವಾಯ್ಸ್ ಕೊಡುವುದು ಒಳ್ಳೆಯದು.

ಐದನೆಯ ಹೆಜ್ಜೆ: ಎರಡೂ ನೋಟಗಳನ್ನು ಒಟ್ಟಿಗೆ ಓದುವುದು

2026ರ ಮಾರ್ಚ್ 31ರಂದು ನಮ್ಮ ಕಂಪನಿಯ ಬ್ಯಾಂಕಿನಲ್ಲಿ 4,54,000 ರೂಪಾಯಿ ಇದೆ. ಅದರಲ್ಲಿ 54,000 ಜಿಎಸ್‌ಟಿಯದು. ಉಳಿದ ನಾಲ್ಕು ಲಕ್ಷದ ಎದುರು 4,15,000 ರೂಪಾಯಿಯ ಸೇವೆ ಬಾಕಿಯಿದೆ. ಅಂದರೆ ಹಾಕಿದ ಒಂದು ಲಕ್ಷ ಬಂಡವಾಳವೂ ಕರಗಿ, ಗ್ರಾಹಕರ ಮುಂಗಡದಲ್ಲೂ 15,000 ಖರ್ಚಾಗಿದೆ. ಬ್ಯಾಂಕ್ ಪಾಸ್‌ಬುಕ್ ಇದನ್ನು ಎಂದಿಗೂ ಹೇಳುವುದಿಲ್ಲ.

ಅಕ್ರೂವಲ್ ನೋಟ ಬರೀ ಕೆಟ್ಟ ಸುದ್ದಿಯನ್ನೇ ತರುತ್ತದೆ ಎಂದಲ್ಲ. ತಿಂಗಳ ಅಂಕಿಗಳನ್ನು ಸಾಲಾಗಿ ನೋಡಿ: ಏಪ್ರಿಲ್, ಮೇ ತಿಂಗಳಲ್ಲಿ ತಲಾ 50,000 ನಷ್ಟ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 10,000 ನಷ್ಟ, ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಲಾಭವೂ ಇಲ್ಲ ನಷ್ಟವೂ ಇಲ್ಲ, ಮಾರ್ಚ್‌ನಲ್ಲಿ 25,000 ಲಾಭ. ವ್ಯವಹಾರ ಮೇಲೇರುತ್ತಿದೆ. ನಗದು ಪದ್ಧತಿಯಲ್ಲಿ ಜೂನ್‌ನಲ್ಲಿ 4,30,000 ಲಾಭ, ನಂತರ ಮೂರು ತಿಂಗಳು ನಷ್ಟ, ಮತ್ತೆ ಲಾಭ, ಮತ್ತೆ ನಾಲ್ಕು ತಿಂಗಳು ನಷ್ಟ ಎಂದು ಕಾಣುವುದರಿಂದ ಈ ಏರಿಕೆ ಗೊತ್ತೇ ಆಗುವುದಿಲ್ಲ.

ಆದರೆ ನವೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳನ್ನು ಗಮನಿಸಿ. ಪುಸ್ತಕದಲ್ಲಿ ನಷ್ಟವಿಲ್ಲ, ಆದರೂ ಹೊಸ ಹಣ ಬಾರದೆ ಜಿಎಸ್‌ಟಿ ಬಿಟ್ಟ ಬ್ಯಾಂಕ್ ಬಾಕಿ ಅಕ್ಟೋಬರ್ ಕೊನೆಯ 3,50,000ದಿಂದ ಫೆಬ್ರವರಿ ಕೊನೆಗೆ 1,50,000ಕ್ಕೆ ಇಳಿದಿದೆ. ಇದನ್ನು ಅಕ್ರೂವಲ್ ಪುಸ್ತಕ ಎಚ್ಚರಿಸುವುದಿಲ್ಲ. ಅದಕ್ಕಾಗಿಯೇ ಪಕ್ಕದ ನಗದು ಹಾಳೆ: ಮುಂದಿನ ಆರು ತಿಂಗಳಲ್ಲಿ ಯಾವ ತಿಂಗಳು ಯಾವ ಚಂದಾ ಮುಗಿಯುತ್ತದೆ, ಎಷ್ಟು ನವೀಕರಣದ ಹಣ ಬರಬಹುದು, ಸಂಬಳ ಮತ್ತು ಜಿಎಸ್‌ಟಿಗೆ ಎಷ್ಟು ಹೋಗುತ್ತದೆ ಎಂಬ ಮೂರು ಸಾಲುಗಳು ಅದರಲ್ಲಿ ಸಾಕು.

ಕೆಲಸಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳಬೇಕೆ ಎಂಬ ಪ್ರಶ್ನೆಗೆ ಈಗ ಉತ್ತರಿಸಬಹುದು. ಏಪ್ರಿಲ್ ಮತ್ತು ಮೇ 2026ರಲ್ಲಿ ಈಗಿರುವ ಗ್ರಾಹಕರಿಂದಲೇ ತಿಂಗಳಿಗೆ 75,000 ಆದಾಯ ಖಚಿತ. ಮೇ 31ಕ್ಕೆ 40 ಶಾಲೆಗಳ ಅವಧಿ ಮುಗಿಯುತ್ತದೆ. ಒಂದೂ ನವೀಕರಿಸದಿದ್ದರೆ ಜೂನ್‌ನಿಂದ ತಿಂಗಳ ಆದಾಯ 35,000ಕ್ಕೆ ಬೀಳುತ್ತದೆ, 30 ಶಾಲೆಗಳು ನವೀಕರಿಸಿದರೆ 65,000ದಲ್ಲಿ ನಿಲ್ಲುತ್ತದೆ. 20,000 ಸಂಬಳದ ಹೊಸ ನೇಮಕದಿಂದ ಖರ್ಚು 70,000ಕ್ಕೆ ಏರುವುದರಿಂದ, ಅದನ್ನು ಭರಿಸಲು ಕನಿಷ್ಠ 35 ಶಾಲೆಗಳಾದರೂ ಉಳಿಯಬೇಕು. ಮೇ ತಿಂಗಳಲ್ಲಿ ಆ ಶಾಲೆಗಳ ಜೊತೆ ಮಾತಾಡಿ ಎಷ್ಟು ಉಳಿಯುತ್ತವೆಂದು ತಿಳಿದುಕೊಳ್ಳುವವರೆಗೆ ನೇಮಕವನ್ನು ತಡೆಹಿಡಿಯುವುದು ಸರಿಯಾದ ಕ್ರಮ.